‘ಎಲ್ಲಿದ್ದೀಯಾ?’: ಉತ್ತರ ಸಿಕ್ಕ ಮೇಲೆ ಏನಾಗುತ್ತದೆ?

ಹೆಂಡತಿ ಯಾವ ಹೊತ್ತಿನಲ್ಲಿ ಎಲ್ಲಿದ್ದಾಳೆ ಎಂಬುದು ತನಗೆ ಗೊತ್ತಿರಲೇಬೇಕೆಂದು ಗಂಡ ಪಟ್ಟು ಹಿಡಿಯುತ್ತಾನೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮದುವೆಯಾದ ಮಹಿಳೆಯರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಬೇರೆ ಗಂಡಸರೊಂದಿಗೆ ಮಾತನಾಡಿದರೆ ಸಿಟ್ಟಾಗುತ್ತಾನೆಯೇ, ಗೆಳತಿಯರನ್ನು ಭೇಟಿಯಾಗಲು ಬಿಡುವುದಿಲ್ಲವೇ, ತವರಿನ ಸಂಪರ್ಕಕ್ಕೆ ಅಡ್ಡ ಬರುತ್ತಾನೆಯೇ, ಶೀಲ ಶಂಕಿಸುತ್ತಾನೆಯೇ ಎಂಬ ಪ್ರಶ್ನೆಗಳ ಸಾಲಿನಲ್ಲೇ ಇದನ್ನೂ ಇಡಲಾಗಿದೆ. ಇಂಥ ವರ್ತನೆಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಒಂದೇ ಮನೆಯಲ್ಲಿ ಕಂಡರೆ ಸಮೀಕ್ಷೆ ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಈ ಕ್ರಮ ಸರಿಯಾಗಿದೆ. ‘ಎಲ್ಲಿದ್ದೀಯಾ’ ಎಂಬ ವಿಚಾರಣೆಯೊಂದನ್ನೇ ಹಿಡಿದು ಕಾಳಜಿಯೋ ಹಿಡಿತವೋ ಎಂದು ತೀರ್ಮಾನಿಸಲು ಆಗದು. ಉತ್ತರ ಸಿಕ್ಕ ಮೇಲೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಬೆಂಗಳೂರಿನಲ್ಲಿ ರಾತ್ರಿ ಎಂಟಕ್ಕೆ ಮನೆ ತಲುಪಬೇಕಾದ ಮಹಿಳೆಯೊಬ್ಬಳು ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದಾಳೆ ಎಂದುಕೊಳ್ಳೋಣ. ಗಂಡನ ಫೋನ್ ಬರುತ್ತದೆ. ‘ಇನ್ನೂ ಮುಕ್ಕಾಲು ಗಂಟೆ ಆಗಬಹುದು’ ಎಂದು ಅವಳು ಹೇಳುತ್ತಾಳೆ. ಕಾಳಜಿಯಿಂದ ಕೇಳಿದವನಿಗೆ ಇಷ್ಟು ಸಾಕು. ಅನ್ನಕ್ಕೆ ಇಡುತ್ತಾನೆ, ಮಗುವಿಗೆ ಊಟ ಮಾಡಿಸುತ್ತಾನೆ. ಹಿಡಿತ ಬಯಸುವವನಿಗೆ ಅದೇ ಉತ್ತರ ಮುಂದಿನ ಪ್ರಶ್ನೆಗೆ ದಾರಿ. ಪಕ್ಕದಲ್ಲಿ ಯಾರಿದ್ದಾರೆ? ವಿಡಿಯೊ ಕಾಲ್ ಮಾಡು, ನೋಡೋಣ. ಆರಕ್ಕೇ ಹೊರಟಿದ್ದರೆ ಇಷ್ಟು ಹೊತ್ತು ಯಾಕೆ? ಅವಳು ಮನೆಗೆ ಬಂದ ಮೇಲೂ ಮಾತು ಮುಗಿಯುವುದಿಲ್ಲ. ಕ್ಯಾಬ್‌ನ ಬಿಲ್ಲಿನಲ್ಲಿರುವ ಸಮಯ, ಸಹೋದ್ಯೋಗಿಯ ಹೇಳಿಕೆ ಎಲ್ಲವನ್ನೂ ತಾಳೆ ಹಾಕಲಾಗುತ್ತದೆ. ಒಂದಕ್ಕೊಂದು ಹತ್ತು ನಿಮಿಷ ಹೊಂದಿಕೆಯಾಗದಿದ್ದರೆ ಅದೇ ‘ಸುಳ್ಳಿಗೆ ಸಾಕ್ಷಿ’.

ಇದು ಒಂದೇ ದಿನದಲ್ಲಿ ಇಲ್ಲಿಗೆ ಬಂದು ನಿಲ್ಲುವುದಿಲ್ಲ. ಆರಂಭದಲ್ಲಿ ಅದು ಪ್ರೀತಿಯಂತೆಯೇ ಕಾಣುತ್ತದೆ, ಹಲವು ಸಲ ಪ್ರೀತಿಯೇ ಆಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಂಚಿಕೊಳ್ಳಲು 15 ನಿಮಿಷ, ಒಂದು ಗಂಟೆ, 8 ಗಂಟೆ ಎಂಬ ಆಯ್ಕೆಗಳಿವೆ. ರಾತ್ರಿ ಒಂಟಿಯಾಗಿ ಆಟೊದಲ್ಲಿ ಬರುವಾಗ ಒಂದು ಗಂಟೆ ಹಂಚಿಕೊಳ್ಳುವುದು ಜಾಣತನ. ದಿನವೂ ಬೆಳಿಗ್ಗೆ 8 ಗಂಟೆಗಳಿಗೆ ಒತ್ತಬೇಕು, ಮುಗಿದ ಕೂಡಲೇ ಮತ್ತೆ ಒತ್ತಬೇಕು, ಮರೆತರೆ ಜಗಳ ಎಂದಾದಾಗ ಅದು ಸುರಕ್ಷತೆಯ ವಿಷಯವಾಗಿ ಉಳಿದಿರುವುದಿಲ್ಲ. ಅವಳ ದಿನಚರಿಯೇ ನಿಧಾನವಾಗಿ ಬದಲಾಗುತ್ತದೆ. ಕೆಲಸ ಬಿಟ್ಟ ಮೇಲೆ ಗೆಳತಿಯೊಂದಿಗೆ ಕಾಫಿಗೆ ಹೋಗುವುದು ನಿಲ್ಲುತ್ತದೆ. ತವರಿಗೆ ಹೋಗುವ ಮೊದಲೇ ಸಮಜಾಯಿಷಿ ಸಿದ್ಧವಾಗುತ್ತದೆ. ಫೋನ್‌ನ ಬ್ಯಾಟರಿ ಕಡಿಮೆಯಾದರೆ ಎದೆ ಹೊಡೆದುಕೊಳ್ಳುತ್ತದೆ. ಗಂಡ ಏನೂ ಬೇಡ ಎನ್ನದೆಯೇ ಅವಳ ಓಡಾಟ ಕುಗ್ಗಿರುತ್ತದೆ. ಹೊರಗಿನವರಿಗೆ ಕಾಣದ ಈ ಬದಲಾವಣೆಯೇ ಅತ್ಯಂತ ನಂಬಲರ್ಹ ಸೂಚನೆ.

ಅತಿಯಾಗಿ ಕೇಳುವವರೆಲ್ಲರೂ ಹಿಡಿತ ಸಾಧಿಸಲು ಹೊರಟವರಲ್ಲ. ಹತ್ತಿರದವರನ್ನು ಅಪಘಾತದಲ್ಲಿ ಕಳೆದುಕೊಂಡವರು ಗಂಟೆಗೊಮ್ಮೆ ಫೋನ್ ಮಾಡಬಹುದು. ಆ ಭಯ ನಿಜವಾದದ್ದು, ಕಿರಿಕಿರಿಯೂ ನಿಜವೇ. ಇವರನ್ನು ಗುರುತಿಸುವ ಬಗೆ ಇದೆ. ‘ಮೀಟಿಂಗ್‌ನಲ್ಲಿದ್ದಾಗ ಫೋನ್ ಎತ್ತಲಾಗದು, ಹೊರಟಾಗ ಮೆಸೇಜ್ ಮಾಡುತ್ತೇನೆ’ ಎಂದರೆ ಭಯಪಡುವ ವ್ಯಕ್ತಿ ಕಷ್ಟಪಟ್ಟಾದರೂ ಒಪ್ಪುತ್ತಾರೆ, ಆತಂಕ ತಮ್ಮದೆಂದು ಒಪ್ಪಿಕೊಳ್ಳುತ್ತಾರೆ, ತಾವೆಲ್ಲಿದ್ದೇವೆಂದೂ ತಿಳಿಸುತ್ತಾರೆ. ಹಿಡಿತದ ಮನೆಯಲ್ಲಿ ಅದೇ ಮಾತಿಗೆ ಬೆಲೆ ತೆರಬೇಕಾಗುತ್ತದೆ: ದಿನಗಟ್ಟಲೆ ಮೌನ, ಬೈಗುಳ, ಖರ್ಚಿಗೆ ಹಣ ಕೊಡದಿರುವುದು, ಅವಳ ಅಪ್ಪ-ಅಮ್ಮನಿಗೆ ದೂರು. ನಿಯಮ ಒಬ್ಬರಿಗೆ ಮಾತ್ರ ಅನ್ವಯಿಸುತ್ತದೆ. ಅವನೆಲ್ಲಿದ್ದ ಎಂದು ಅವಳು ಕೇಳುವಂತಿಲ್ಲ. ಹೆಂಡತಿಯೇ ಗಂಡನ ಮೇಲೆ ಇಂಥ ಕಾವಲು ಹಾಕುವ ಮನೆಗಳೂ ಇವೆ. ಅಲ್ಲಿಯೂ ಪರೀಕ್ಷೆ ಇದೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಸಂಗಾತಿಯ ಮೇಲೆ ಸತತವಾಗಿ ನಡೆಸುವ ಇಂಥ ನಿಯಂತ್ರಣವನ್ನೇ ಅಪರಾಧವೆಂದು ಹೆಸರಿಸಿತು. ಭಾರತದಲ್ಲಿ ಆ ಹೆಸರಿನ ಅಪರಾಧವಿಲ್ಲ. ಆದರೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಹಿಂಸೆ ಎಂದೇ ಪರಿಗಣಿಸುತ್ತದೆ. ಮದುವೆಯಂತೆಯೇ ಒಟ್ಟಿಗೆ ಬದುಕುವ ಸಂಬಂಧಗಳಿಗೂ ಅದು ಅನ್ವಯಿಸುತ್ತದೆ. ಮ್ಯಾಜಿಸ್ಟ್ರೇಟರು ಫೋನ್ ಸಹಿತ ಯಾವುದೇ ಬಗೆಯ ಸಂಪರ್ಕವನ್ನು ನಿಷೇಧಿಸಿ ರಕ್ಷಣಾ ಆದೇಶ ನೀಡಬಹುದು. ಪುರುಷರಿಗೆ ಈ ಕಾಯ್ದೆಯಲ್ಲಿ ಪರಿಹಾರವಿಲ್ಲ, ಅದು ಇದರ ಮಿತಿ.

ಹಿಡಿತ ಗೊತ್ತಾದ ಕೂಡಲೇ ಲೊಕೇಶನ್ ಆಫ್ ಮಾಡಿಬಿಡುವುದು ಎಲ್ಲ ಮನೆಗಳಲ್ಲೂ ಕ್ಷೇಮವಲ್ಲ. ಕೈ ತಪ್ಪುತ್ತಿದೆ ಎನಿಸಿದಾಗಲೇ ಕೆಲವರು ಹೊಡೆತಕ್ಕೆ ಇಳಿಯುತ್ತಾರೆ. ಬೆದರಿಕೆ ಇರುವಲ್ಲಿ ಮೊದಲು ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದು ಅಥವಾ ಸಂರಕ್ಷಣಾಧಿಕಾರಿಯನ್ನು ಕಾಣುವುದು ಲೇಸು. ಕರ್ನಾಟಕದಲ್ಲಿ ಈ ಹೊಣೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳು ಹೊರುತ್ತಾರೆ. ಅವರು ಬರೆದುಕೊಳ್ಳುವ ಕೌಟುಂಬಿಕ ಘಟನಾ ವರದಿಗೆ ‘ಅನುಮಾನ ಪಡುತ್ತಾನೆ’ ಎಂಬ ಒಂದು ಸಾಲಿಗಿಂತ ಯಾವ ದಿನ ಎಷ್ಟು ಬಾರಿ ಕರೆ ಬಂತು, ಫೋನ್ ಎತ್ತದಿದ್ದಾಗ ಏನಾಯಿತು ಎಂಬ ವಿವರ ಹೆಚ್ಚು ನೆರವಾಗುತ್ತದೆ. ಅದನ್ನು ಗಂಡನ ಕೈಗೆ ಸಿಗುವ ಫೋನಿನಲ್ಲಿ ಇಡದೆ, ನಂಬಿಕೆಯವರ ಬಳಿ ಬರೆದಿಡಬೇಕು.