ನಿಲ್ಲಿಸಿದ ಮಾತ್ರೆಯನ್ನು ಹೇಳುವವರಾರು?

ಆಸ್ಪತ್ರೆಯಿಂದ ಗುಣಮುಖರಾಗಿ ಮನೆಗೆ ತೆರಳಿದ ರೋಗಿ ತಿಂಗಳು ತುಂಬುವುದರೊಳಗಾಗಿ ಅದೇ ಏದುಸಿರಿನೊಡನೆ ಮರಳಿ ಬಂದಾಗ, ರೋಗವೇ ಉಲ್ಬಣಿಸಿತೆಂದು ಭಾವಿಸುವುದು ಸಹಜ. ಆದರೆ ಅವರ ಮಾತ್ರೆಯ ಚೀಲವನ್ನು ಮಂಚದ ಮೇಲೆ ಸುರುವಿ ನೋಡಿದರೆ, ಎಷ್ಟೋ ವೇಳೆ ಕಾರಣವು ಅಲ್ಲಿಯೇ ದೊರೆಯುತ್ತದೆ.

ಹೃದಯ ದುರ್ಬಲಗೊಂಡು ಕಾಲು ಊದಿಕೊಂಡು ದಾಖಲಾದ, ಅರುವತ್ತೆಂಟು ವಯಸ್ಸಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಪಾಳಿಯ ವೈದ್ಯರು ಮಗಳ ನೆನಪನ್ನು ನೆಚ್ಚಿ 'ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ' ಎಂದು ಬರೆದುಕೊಂಡಿರುತ್ತಾರೆ. ಮರುದಿನ ಬೆಳಗ್ಗೆ ವಾರ್ಡಿನ ಫಾರ್ಮಸಿಸ್ಟರು ಚೀಲ ಬಿಚ್ಚಿಸಿ, ಹಳೆಯ ಚೀಟಿಗಳನ್ನು ಓದಿ, ಹೆಸರಿನ ಭಾಗವೇ ಕತ್ತರಿಸಿಹೋದ ನಾಲ್ಕು ಮಾತ್ರೆಗಳ ತುಂಡು ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು, "ಇದು ಯಾವುದಕ್ಕಮ್ಮ?" ಎಂದು ಕೇಳುತ್ತಾರೆ. "ಅದು ಔಷಧಿ ಅಲ್ಲಪ್ಪ, ಮಂಡಿ ನೋವಿಗೆ ಅಂಗಡಿಯಲ್ಲಿ ಕೊಟ್ಟಿದ್ದು" ಎಂಬ ಉತ್ತರ ಬರುತ್ತದೆ. ಅಂಗಡಿಗೆ ಫೋನ್ ಮಾಡಿದಾಗ ಅದು ಡೈಕ್ಲೋಫೆನಾಕ್ ಎಂದು ತಿಳಿಯುತ್ತದೆ. ದೇಹದಲ್ಲಿ ಉಪ್ಪು ನೀರನ್ನು ತಡೆಹಿಡಿದು, ಮೂತ್ರಪಿಂಡವನ್ನು ದಣಿಸಿ, ನೀರಿಳಿಸುವ ಮಾತ್ರೆಯ ಶಕ್ತಿಯನ್ನೇ ಕುಂದಿಸತಕ್ಕ ಆ ನೋವಿನ ಮಾತ್ರೆಯ ಸಂಗತಿ ವೈದ್ಯರ ಹಾಳೆಯಲ್ಲಿ ಇರಲೇ ಇಲ್ಲ! "ಯಾವ ಔಷಧಿ ತೆಗೆದುಕೊಳ್ಳುತ್ತೀರಿ" ಎಂಬ ಪ್ರಶ್ನೆಯೊಂದಕ್ಕೆ ಅದು ಎಂದಿಗೂ ಹೊರಬೀಳುವಂಥದಲ್ಲ. ನೋವಿಗೇನು, ನಿದ್ದೆಗೇನು, ನಾಟಿ ಮದ್ದೇನು ಎಂದು ಬಿಡಿಬಿಡಿಯಾಗಿ ಕೇಳಬೇಕು.

ಹೀಗೆ ಕೇಳಿ ಬರೆದ ಪಟ್ಟಿಯನ್ನು ಹಿಡಿದು ಫಾರ್ಮಸಿಸ್ಟರು ರೌಂಡ್ಸಿನಲ್ಲಿ ವೈದ್ಯರ ಪಕ್ಕದಲ್ಲಿ ನಿಂತಾಗಲೇ ಅದಕ್ಕೆ ಬೆಲೆ. ಎನಾಲಾಪ್ರಿಲ್ ಬಿಡಿಸಿ ಸಾಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಆರಂಭಿಸೋಣವೆಂದು ವೈದ್ಯರು ನಿರ್ಧರಿಸಿದರೆನ್ನಿ. ಹಳೆಯದರ ಕೊನೆಯ ಮಾತ್ರೆಯಿಂದ 36 ಗಂಟೆ ಕಳೆಯದೆ ಹೊಸದನ್ನು ಕೊಡಕೂಡದು, ಕೊಟ್ಟರೆ ಮುಖ, ನಾಲಗೆ, ಗಂಟಲು ಊದಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದೆಂಬ ಎಚ್ಚರಿಕೆಯು ಆದೇಶ ಬರೆಯುವ ಆ ಕ್ಷಣದಲ್ಲಿಯೇ ಒದಗಬೇಕು. ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಫಾರ್ಮಸಿಸ್ಟರನ್ನು ರೌಂಡ್ಸಿಗೆ ಸೇರಿಸಿಕೊಂಡ ಮೇಲೆ, ಔಷಧಾದೇಶದ ದೋಷದಿಂದಾಗುವ, ತಡೆಯಬಹುದಾದ ಅಪಾಯಗಳು ಸುಮಾರು ಮೂರನೆಯ ಎರಡು ಪಾಲು ಇಳಿದುವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಆದರೆ ನಿಜವಾದ ಕಂದಕವಿರುವುದು ಬಿಡುಗಡೆಯ ದಿನ. ನಮ್ಮ ಡಿಸ್ಚಾರ್ಜ್ ಚೀಟಿಗಳು ಸಾಮಾನ್ಯವಾಗಿ ಏನನ್ನು ನುಂಗಬೇಕೆಂಬುದನ್ನು ಹೇಳುತ್ತವೆಯೇ ಹೊರತು ಏನನ್ನು ನಿಲ್ಲಿಸಲಾಗಿದೆ ಎಂಬುದನ್ನು ಹೇಳುವುದಿಲ್ಲ. ಎನಾಲಾಪ್ರಿಲ್ ಚೀಟಿಯಲ್ಲಿಲ್ಲ, ಮನೆಯ ಡಬ್ಬಿಯಲ್ಲಿದೆ. ತಾಯಿ ಎರಡನ್ನೂ ನುಂಗುತ್ತಾರೆ. ಚೀಟಿಯ ಮೆಟೊಪ್ರೊಲಾಲ್ ಒಂದು ಕಂಪನಿಯದು, ಡಬ್ಬಿಯದು ಮತ್ತೊಂದರದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ವಸ್ತು ಒಂದೇ ಆಗಿರಲು, ನಾಡಿ ಕುಗ್ಗಿ ತಲೆ ತಿರುಗುತ್ತದೆ. ಆದುದರಿಂದ ಮೊದಲಿನ ಪಟ್ಟಿ, ವಾರ್ಡಿನ ಹಾಳೆ, ಬಿಡುಗಡೆಯ ಚೀಟಿ ಮೂರನ್ನೂ ಎದುರುಬದುರಿಟ್ಟು, ಮುಂದುವರಿದುದು, ಪ್ರಮಾಣ ಬದಲಾದುದು, ಹೊಸದು, ನಿಲ್ಲಿಸಿದುದು ಎಂದು ನಾಲ್ಕು ಅಂಕಣಗಳಲ್ಲಿ ಬರೆದು, ಪ್ರತಿಯೊಂದು ವ್ಯತ್ಯಾಸವೂ ವೈದ್ಯರು ಬುದ್ಧಿಪೂರ್ವಕ ಮಾಡಿದುದೋ ಕೈತಪ್ಪಿ ಬಿಟ್ಟುಹೋದುದೋ ಎಂದು ಕೇಳಿ, ನಾಲ್ಕನೆಯ ಅಂಕಣವನ್ನು ತಾಯಿಗೂ ಮಗಳಿಗೂ ಕನ್ನಡದಲ್ಲಿ ಓದಿಹೇಳಿ, ಆ ಸ್ಟ್ರಿಪ್ಪುಗಳನ್ನು ಬೇರೆ ಕಟ್ಟಿಸುವುದು ಫಾರ್ಮಸಿಸ್ಟರ ಕೆಲಸ. ಆಸ್ಪತ್ರೆಯಲ್ಲಿದ್ದಾಗ ಹೊಟ್ಟೆ ಉರಿಯದಿರಲೆಂದು ಕೊಟ್ಟ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ಮುಂದುವರಿಯುವುದೂ ಇಲ್ಲಿಯೇ ನಿಲ್ಲಬೇಕು.

ಇಷ್ಟಾದರೆ ಮರುದಾಖಲಾತಿ ತಗ್ಗುವುದೆ? ತಗ್ಗುವುದೆಂದು ಖಚಿತವಾಗಿ ಹೇಳಲಾರೆ. ನಮ್ಮ ಉತ್ಸಾಹಿಗಳು ಮರೆಯುವ ಅಂಶವಿದು. ಡೆನ್ಮಾರ್ಕಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆಸ್ಪತ್ರೆಯೊಳಗಿನ ಔಷಧ ಪರಿಶೀಲನೆಯೊಂದರಿಂದಲೇ ಗಣನೀಯ ಫಲ ಕಾಣಲಿಲ್ಲ; ಪರಿಶೀಲನೆಯ ಜೊತೆಗೆ ರೋಗಿಯೊಡನೆ ಬಿಡುಗಡೆಯ ಮುನ್ನ ಮಾತುಕತೆ, ಕುಟುಂಬ ವೈದ್ಯರಿಗೆ ತಿಳಿವಳಿಕೆ, ಆಮೇಲೆ ಫೋನ್ ವಿಚಾರಣೆ ಕೂಡಿದಾಗ ಮಾತ್ರ ಮೂವತ್ತು ದಿನಗಳೊಳಗಿನ ಮರುದಾಖಲಾತಿ ಇಳಿಯಿತು. ರೋಗವೇ ಮುಂದುವರಿದು ಮರಳಿಬರುವವರನ್ನು ಯಾವ ಪಟ್ಟಿಯೂ ತಡೆಯಲಾರದೆಂಬುದೂ ಸತ್ಯ. ಆದಕಾರಣ ಮೂರನೆಯ ದಿನ ಫೋನ್ ಮಾಡಿ, ಬೆಳಗಿನ ತೂಕವೆಷ್ಟು, ನೋವಿನ ಮಾತ್ರೆ ಮತ್ತೆ ಬಂದಿತೆ ಎಂದು ಕೇಳಬೇಕು. ಒಂದೆರಡು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗುವಂತೆ ನೋಡಿಕೊಳ್ಳಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದ್ದರೆ ಉಸಿರು ಕಟ್ಟುವ ಮುನ್ನವೇ ಕರೆಸಿಕೊಳ್ಳಬಹುದು.

ಈ ವಿದ್ಯೆಯಲ್ಲಿ ಪಳಗಿದವರ ಅಭಾವವಿದೆಯೆಂದು ಹೇಳುವಂತಿಲ್ಲ. 2008ರಿಂದ ಫಾರ್ಮ್.ಡಿ. ಎಂಬ ಆರು ವರ್ಷದ ಶಿಕ್ಷಣವಿದ್ದು, ಅದರ ಕೊನೆಯ ವರ್ಷ ಆಸ್ಪತ್ರೆಯಲ್ಲಿಯೇ ಕಳೆಯುತ್ತದೆ. ಆದರೂ ಅನೇಕ ಆಸ್ಪತ್ರೆಗಳು ಫಾರ್ಮಸಿಸ್ಟರನ್ನು ಬಿಲ್ಲಿನ ಕಿಟಕಿಯಾಚೆಯೇ ಕೂರಿಸಿವೆ, ಏಕೆಂದರೆ ಮಾರಿದ ಮಾತ್ರೆ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ, ನಿಲ್ಲಿಸಿದ ಮಾತ್ರೆ ಬರುವುದಿಲ್ಲ. ಎಲ್ಲ ಹಾಸಿಗೆಗಳಿಗೂ ಒಮ್ಮೆಲೇ ಒಬ್ಬರನ್ನು ನೇಮಿಸುವುದು ಅಸಾಧ್ಯವಾದರೆ, ಹೃದಯ ವೈಫಲ್ಯದವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಐದಕ್ಕಿಂತ ಹೆಚ್ಚು ಮಾತ್ರೆಯ ವೃದ್ಧರು ಇಷ್ಟು ಮಂದಿಯಿಂದ ಆರಂಭಿಸಿ, ಅವರ ಬಿಡುಗಡೆಯ ಚೀಟಿಗೆ ವೈದ್ಯರ ಸಹಿಯೊಡನೆ ಫಾರ್ಮಸಿಸ್ಟರ ಸಹಿಯೂ ಬಿದ್ದ ಮೇಲೆಯೇ ಮನೆಗೆ ಕಳುಹಿಸುವ ನಿಯಮವನ್ನು ಮಾಡಬಹುದು.