ಕಾಲಂ ಸೇರಿಸುವ ಮುನ್ನ ತಿಳಿಸಬೇಡವೇ?

ತಿಪಟೂರಿನ ನಮ್ಮ ಮಂಡಿಯ ಬಿಲ್ಲಿಂಗ್ ತಂತ್ರಾಂಶವು ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿಯ ಖರೀದಿಯನ್ನೂ ಸೇರಿಸಿ ಪ್ರತಿ ರಾತ್ರಿ ಒಂದು ಕಡತವನ್ನು ಹೊರತೆಗೆಯುತ್ತದೆ. ದಾಸ್ತಾನು ಲೆಕ್ಕದ ಗಣಕಯಂತ್ರವು ಅದನ್ನು ಓದಿಕೊಂಡು, ಯಾವ ಗೋದಾಮಿನಲ್ಲಿ ಎಷ್ಟು ಉಂಡೆ ಕೊಬ್ಬರಿ ಇದೆ, ಯಾರಿಗೆ ಎಷ್ಟು ಹಣ ಸಲ್ಲಬೇಕು ಎಂಬುದನ್ನು ಬೆಳಗಾಗುವಷ್ಟರಲ್ಲಿ ತೋರಿಸುತ್ತದೆ. ಇತ್ತೀಚೆಗೆ ಒಂದು ಬೆಳಿಗ್ಗೆ ಹೊಸ ಲೆಕ್ಕವೇ ಬಂದಿರಲಿಲ್ಲ. ಲಾರಿ ಬಂದು ನಿಂತಿತ್ತು. ಗುಮಾಸ್ತರು ಚೀಟಿಗಳನ್ನು ಹರಡಿಕೊಂಡು ಕೈಲೆಕ್ಕಕ್ಕೆ ಕುಳಿತರು.

ಹಿಂದಿನ ದಿನದ ಕಡತದೊಡನೆ ಹೋಲಿಸಿದಾಗ ಕಾರಣ ತಿಳಿಯಿತು. ಲಾಟ್ ಸಂಖ್ಯೆ, ಸರಕು, ಚೀಲ, ಕ್ವಿಂಟಾಲ್, ದರ, ಮೊತ್ತ ಎಂಬ ಕ್ರಮದಲ್ಲಿ ಸಾಲು ಹೀಗಿರುತ್ತಿತ್ತು:

```
0118,COPRA,40,17.20,14000,240800
```

ಆ ರಾತ್ರಿ ಬಂದದ್ದು ಹೀಗೆ:

```
0118,COPRA,1203,40,17.20,14000,240800
```

1203 ಎಂಬುದು ಕೊಬ್ಬರಿಯ ಎಚ್‌ಎಸ್‌ಎನ್ ಸಂಕೇತ. ತೆರಿಗೆ ಬಿಲ್ಲಿಗೆ ಅದು ಬೇಕಾದದ್ದೇ. ಆದರೆ ಸಾಲಿನ ನಡುವೆ ತುರುಕಿದ್ದರಿಂದ ಅದು ಚೀಲಗಳ ಜಾಗಕ್ಕೆ ಬಂದಿತು. 40 ಚೀಲಗಳು 40 ಕ್ವಿಂಟಾಲ್ ಆದವು, ತೂಕವೇ ದರವಾಯಿತು. ಎಲ್ಲವೂ ಅಂಕಿಗಳೇ ಆದ್ದರಿಂದ ಯಂತ್ರಕ್ಕೆ ಅನುಮಾನ ಬಾರದು. ತೂಕವನ್ನು ದರದಿಂದ ಗುಣಿಸಿ ಮೊತ್ತಕ್ಕೆ ತಾಳೆ ನೋಡುವ ಏರ್ಪಾಡು ನಮ್ಮಲ್ಲಿದ್ದುದರಿಂದ ಕಡತ ಅಲ್ಲಿಯೇ ತಡೆಹಿಡಿಯಲ್ಪಟ್ಟಿತು: 40ನ್ನು 17.20ರಿಂದ ಗುಣಿಸಿದರೆ 688, ಮೊತ್ತದ ಜಾಗದಲ್ಲಿದ್ದುದು 14000. ಈ ತಾಳೆ ಇಲ್ಲದ ಮಂಡಿಯಲ್ಲಿ 1203 ಚೀಲ ಸದ್ದಿಲ್ಲದೆ ದಾಸ್ತಾನಿಗೆ ಏರುತ್ತಿತ್ತು.

ಇಂತಹ ಸಂದರ್ಭದಲ್ಲಿ ದೂರವಾಣಿಯಲ್ಲಿ ಕೂಗಾಡುವುದು ನಮ್ಮವರ ರೂಢಿ. ಅತ್ತ ಕಡೆಯವರು "ನೋಡುತ್ತೇವೆ ಸಾರ್" ಎನ್ನುತ್ತಾರೆ, ದಾಖಲೆ ಉಳಿಯುವುದಿಲ್ಲ. ನಾವು ಮಿಂಚಂಚೆಯನ್ನೇ ಕಳುಹಿಸಿದೆವು. ಸರಿಯಾಗಿದ್ದ ಕೊನೆಯ ಕಡತ ಯಾವ ರಾತ್ರಿಯದು, ಕೆಟ್ಟ ಮೊದಲನೆಯದು ಯಾವುದು ಎಂಬುದನ್ನು ಮೊದಲ ವಾಕ್ಯದಲ್ಲಿಯೇ ತಿಳಿಸಿ, ಮೇಲಿನ ಎರಡು ಸಾಲುಗಳನ್ನು ಒಂದರ ಕೆಳಗೊಂದಿಟ್ಟು, ಬಳಿಕ ಹೀಗೆ ಬರೆದೆವು:

"ಮೂರನೆಯ ಕಾಲಂ ಹೊಸದಾಗಿ ಸೇರಿದೆ. ಇದರ ಮುನ್ಸೂಚನೆ ನಮಗೆ ಬಂದಿಲ್ಲ. ಸದರಿ ಕಡತವನ್ನು ಹಳೆಯ ಕ್ರಮದಲ್ಲಿ ಇಂದು ಸಂಜೆಯೊಳಗೆ ಮರಳಿ ಕಳುಹಿಸಿ. ಹೊಸ ಕಾಲಂ ಅಗತ್ಯವಾದಲ್ಲಿ ಸಾಲಿನ ಕೊನೆಯಲ್ಲಿ ಸೇರಿಸಿ. ಮುಂದಿನ ಯಾವುದೇ ಬದಲಾವಣೆಗೆ 15 ದಿನ ಮುಂಚಿತವಾಗಿ ಮಾದರಿ ಕಡತ ಕಳುಹಿಸಿ."

ಲಗತ್ತಿಸುವ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬಾರದು. ಹಾಗೆ ಮಾಡಿದರೆ 0118 ಎಂಬುದು 118 ಆಗಿಬಿಡಬಹುದು. ಆಗ ತಪ್ಪು ಯಾರದೆಂಬ ಹೊಸ ವಾದಕ್ಕೆ ಅವಕಾಶವಾಗುತ್ತದೆ. ಇರುವಂತೆಯೇ ಪ್ರತಿ ಮಾಡಿ ಕಳುಹಿಸಬೇಕು. ಕಡತದಲ್ಲಿ ರೈತರ ಬ್ಯಾಂಕ್ ಖಾತೆಯ ವಿವರಗಳಿದ್ದಲ್ಲಿ ಇಡೀ ಕಡತದ ಬದಲು ಅಂತಹ ವಿವರವಿಲ್ಲದ ಎರಡು ಸಾಲು ಸಾಕು.

ಹಳೆಯ ಕ್ರಮದ ಕಡತ ಅಂದೇ ಸಂಜೆ ಬಂದಿತು. 15 ದಿನದ ಮಾತಿಗೆ ಮಾತ್ರ ಉತ್ತರವಿಲ್ಲ. ತಂತ್ರಾಂಶ ತಮ್ಮದು, ಬದಲಿಸುವ ಹಕ್ಕೂ ತಮ್ಮದೆಂಬುದು ಅವರ ನಿಲುವಿರಬಹುದು. ಆದರೆ ಆ ಕಡತವನ್ನು ನಂಬಿ ಲಾರಿ ತುಂಬಿಸುವವರು ನಾವು. ವಾರ್ಷಿಕ ನಿರ್ವಹಣಾ ಕರಾರಿನ ನವೀಕರಣದ ವೇಳೆ ಈ ಷರತ್ತನ್ನು ಬರವಣಿಗೆಯಲ್ಲಿ ಸೇರಿಸದ ಹೊರತು ಹಣ ಪಾವತಿಸುವುದಿಲ್ಲವೆಂದು ನಾವು ತಿಳಿಸಿದ್ದೇವೆ.