ಅಗ್ಗದ ಟಿಕೆಟ್, ಹೊಸ ವಿಮಾನ
2003ರಲ್ಲಿ ಹಾರಾಟ ಆರಂಭಿಸಿದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ಗೆ ಗುರುತಾಗಿದ್ದವನು ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ವಿಮಾನವನ್ನೇ ಹತ್ತದವರನ್ನು ಒಳಗೆ ಕರೆದ ಆ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಸೀಟಿಗೆ ಸಂಖ್ಯೆಯಿಲ್ಲದೆ ನೂಕಾಟ, ವಿಳಂಬ ಶುರುವಾದರೆ ಪ್ರಯಾಣಿಕನ ಮನಸ್ಸು ತಕ್ಷಣ ಎಂಜಿನ್ ಕಡೆಗೆ ಹೋಗುತ್ತದೆ: ಇಲ್ಲೇ ಹೀಗಾದರೆ ಅಲ್ಲಿ ಏನೇನು ಉಳಿಸಿರಬಹುದು? ಎಂಜಿನ್ ಅವನ ಕಣ್ಣಿಗೆ ಬೀಳುವುದಿಲ್ಲ, ಹರಿದ ಸೀಟು ಬೀಳುತ್ತದೆ. 2006ರಲ್ಲಿ ಬಂದ ಇಂಡಿಗೋ ಈ ಅನುಮಾನಕ್ಕೇ ಉತ್ತರ ಕೊಟ್ಟಿತು. ಹಾರಾಟ ಆರಂಭಿಸುವ ಮೊದಲೇ 100 ಹೊಸ ಏರ್‌ಬಸ್ ವಿಮಾನಗಳಿಗೆ ಬೇಡಿಕೆ ಇಟ್ಟಿತ್ತು. ಜಾಹೀರಾತಿನಲ್ಲಿ ದರಕ್ಕಿಂತ ಸಮಯಪಾಲನೆಗೆ ಒತ್ತು ಕೊಟ್ಟಿತು. 'ನಾವು ಸುರಕ್ಷಿತ' ಎಂದು ಸಾರುವುದು ಇಲ್ಲದ ಭಯವನ್ನು ಹುಟ್ಟಿಸುತ್ತದೆ. ಹೊತ್ತಿಗೆ ಹೊರಡುವ ಸ್ವಚ್ಛ ವಿಮಾನ ಆ ಮಾತನ್ನು ತಾನೇ ಹೇಳುತ್ತದೆ. ಮೆಟ್ಟಿಲಿನ ಬದಲು ಇಂಡಿಗೋ ತಂದ ಇಳಿಜಾರು ರ‍್ಯಾಂಪ್ ಗಾಲಿಕುರ್ಚಿಯವರಿಗೂ ಒದಗಿತು, ಹತ್ತಿಸುವ ಹೊತ್ತನ್ನೂ ಉಳಿಸಿತು. ಅಗ್ಗದ ಕಂಪನಿ ಪೂರ್ಣ ಸೇವೆಯ ಕಂಪನಿಗಳ ಎದುರು ನಿಲ್ಲುವಾಗ ಅವರ ಊಟವನ್ನು ಹಂಗಿಸಬೇಕಿಲ್ಲ. ಊಟ ಬೇಕಾದವರು ಕೊಳ್ಳಬಹುದು, ಒಂದೇ ಮಾದರಿಯ ವಿಮಾನಗಳಿದ್ದರೆ ಬಿಡಿಭಾಗ, ತರಬೇತಿಯ ಖರ್ಚು ಕಡಿಮೆ, ಇಳಿದ ವಿಮಾನ ಬೇಗ ಮತ್ತೆ ಹಾರುತ್ತದೆ ಎಂದು ಉಳಿತಾಯದ ಮೂಲವನ್ನು ಬಿಡಿಸಿ ಹೇಳಿದರೆ ಸಾಕು. ನಿರ್ವಹಣೆಯ ನಿಯಮ ಇಬ್ಬರಿಗೂ ಒಂದೇ. ಆದರೆ ಸಮಯಪಾಲನೆಯನ್ನೇ ಹೆಸರಾಗಿಸಿಕೊಂಡವರಿಗೆ ಸಾಲುಸಾಲು ವಿಳಂಬ ಉಳಿದವರಿಗಿಂತ ದುಬಾರಿ.